ಅಪ್‌ಡೇಟ್: ಸ್ಟ್ರೇನ್ ದುಪ್ಪಟ್ಟು ಬರ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ನಾನು ಕೇಳಿದ್ದು: ಕ್ಯಾಂಟಿಲಿವರ್ ಬೀಮ್‌ಗೆ 1 ಕಿಲೋ ತೂಕ ಹಾಕಿದರೆ ಲೆಕ್ಕದಲ್ಲಿ 262 ಮೈಕ್ರೋಸ್ಟ್ರೇನ್, ಮೀಟರ್‌ನಲ್ಲಿ 523. ಸ್ಟ್ರೇನ್ ಗೇಜಿಗೆ ಪ್ಯಾರಲಲ್ ಆಗಿ ರೆಸಿಸ್ಟರ್ ಹಾಕಿ ಷಂಟ್ ಕ್ಯಾಲಿಬ್ರೇಶನ್ ಮಾಡಿಯೂ ಹೀಗೇಕೆ?

ತಪ್ಪು ನನ್ನದೇ. ಬೀಮ್ ಉಕ್ಕಿನದು, 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಗೇಜಿನಿಂದ ತೂಕಕ್ಕೆ 200 ಮಿ.ಮೀ. ದೂರ. ಆ ಲೆಕ್ಕ ಸರಿಯಾಗಿಯೇ ಇತ್ತು.

ಲ್ಯಾಮಿಂಗ್ಟನ್ ರೋಡಿನಿಂದ ತಂದ ಎರಡು 120 ಕಿಲೋಓಮ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಮಾಡಿ 60 ಕಿಲೋಓಮ್ ಷಂಟ್ ಮಾಡಿಕೊಂಡಿದ್ದೆ. ಗೇಜ್ 120 ಓಮ್, ಗೇಜ್ ಫ್ಯಾಕ್ಟರ್ 2:

```
strain ≈ 120 / (2 × 60000) = 0.001
```

ಹಾಗಾಗಿ ಷಂಟ್ ಹಾಕಿದಾಗ ಮೀಟರ್ 1000 ತೋರಿಸುವಂತೆ ತಿರುಗಿಸಿದ್ದೆ. ಆದರೆ ಷಂಟ್ ಬದಲಿಸೋದು ಒಂದೇ ಗೇಜನ್ನು. ನನ್ನದು ಹಾಫ್ ಬ್ರಿಡ್ಜ್, ಬೀಮ್ ಬಾಗಿದಾಗ ಮೇಲಿನ ಗೇಜ್ ಹಿಗ್ಗುತ್ತೆ, ಕೆಳಗಿನದು ಕುಗ್ಗುತ್ತೆ, ಪಕ್ಕಪಕ್ಕದ ತೋಳುಗಳಲ್ಲಿ ಇರೋದ್ರಿಂದ ಎರಡೂ ಸೇರಿ ಔಟ್‌ಪುಟ್ ಎರಡರಷ್ಟಾಗುತ್ತೆ. ಅಂದರೆ ಈ ಷಂಟ್ ಬೀಮ್‌ನ ಲೆಕ್ಕದಲ್ಲಿ 500ಕ್ಕೆ ಸಮ, ಅಷ್ಟೇ. ಮೀಟರನ್ನು 500ಕ್ಕೆ ಸೆಟ್ ಮಾಡಿದೆ, ಅದೇ ತೂಕಕ್ಕೆ 261 ಬಂತು!

ಇನ್ನೊಂದು ಮಾತು. ಷಂಟ್ ಹಾಕಿದರೆ ರೆಸಿಸ್ಟೆನ್ಸ್ ಇಳಿಯೋದು, ಅದಕ್ಕೇ ಮೇಲಿನ ಗೇಜಿಗೆ ಹಾಕಿದಾಗ ಮೈನಸ್ ಬರ್ತಿತ್ತು. ವೈರ್ ಉಲ್ಟಾ ಅಂತ ಸುಮ್ನೆ ಅರ್ಧ ದಿನ ಹಾಳು ಮಾಡಿದೆ. ಗೇಜಿನ ಅಂಟು ಸರಿಯಾಗಿ ಹಿಡಿದಿದೆಯಾ ಅನ್ನೋದು ಷಂಟ್‌ನಿಂದ ತಿಳಿಯಲ್ಲ, ಅದಕ್ಕೆ ತೂಕ ಹಾಕಿಯೇ ನೋಡಬೇಕು.