ಅಜ್ಜಿಯ ವಿಡಿಯೊ: ಫೋನ್ ಅಡ್ಡ ಹಿಡಿಯುವ ಜಗಳ

ನಾನು: ಎಲ್ಲರಿಗೂ ನಮಸ್ಕಾರ. ಅಜ್ಜಿಯ 80ರ ಕಾರ್ಯಕ್ರಮದಲ್ಲಿ ತೋರಿಸಲು ಎಲ್ಲ ಮನೆಯವರ ಮಾತಿನ ವಿಡಿಯೊ ಜೋಡಿಸುವುದಕ್ಕೆ ಕೂತಿದ್ದೇನೆ. ಇದುವರೆಗೆ ಬಂದದ್ದರಲ್ಲಿ ಮುಕ್ಕಾಲು ಪಾಲು ಫೋನ್ ನೆಟ್ಟಗೆ ಹಿಡಿದು ತೆಗೆದದ್ದು. ದಯವಿಟ್ಟು ಫೋನ್ ಅಡ್ಡ ತಿರುಗಿಸಿಯೇ ತೆಗೆಯಿರಿ. ಮೊದಲು ತಿರುಗಿಸಿ, ಪರದೆ ಮೇಲಿನ ಗುರುತುಗಳೂ ಜೊತೆಗೆ ತಿರುಗಿದವಾ ನೋಡಿ, ಆಮೇಲೆ ಕೆಂಪು ಬಟನ್ ಒತ್ತಿ. ಮಾತು 15 ಸೆಕೆಂಡ್ ಸಾಕು.

ಬೆಂಗಳೂರು ಭಾವ: ಈಗ ಯಾರು ಮಾರಾಯ ಅಡ್ಡ ವಿಡಿಯೊ ನೋಡ್ತಾರೆ? ಎಲ್ಲರೂ ಫೋನಲ್ಲೇ ನೋಡೋದು. ನೆಟ್ಟಗೇ ಇರಲಿ ಬಿಡು.

ನಾನು: ಭಾವ, ಅವತ್ತು ತೋರಿಸುವುದು ಸಾಗರದ ಕಲ್ಯಾಣ ಮಂಟಪದ ಪ್ರೊಜೆಕ್ಟರ್‌ನಲ್ಲಿ. ಪರದೆ ಅಡ್ಡ ಇರುತ್ತದೆ. ನೆಟ್ಟಗಿನ ವಿಡಿಯೊ ಹಾಕಿದರೆ ನಡುವಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಚಿತ್ರ, ಎರಡೂ ಕಡೆ ಕಪ್ಪು. ಪರದೆ ತುಂಬುವಂತೆ ಹಿಗ್ಗಿಸಿದರೆ ಮೇಲೂ ಕೆಳಗೂ ಹೋಗುತ್ತದೆ. ಚಿಕ್ಕಮ್ಮನ ವಿಡಿಯೊಗೆ ಹಾಗೆ ಮಾಡಿ ನೋಡಿದೆ, ಮೂಗಿನಿಂದ ಕರಿಮಣಿವರೆಗೆ ಮಾತ್ರ ಉಳಿಯಿತು.

ಚಿಕ್ಕಮ್ಮ: ಅಯ್ಯೋ, ಹೊಸ ಸೀರೆ ಉಟ್ಟಿದ್ದೆ ಕಣೋ!

ಬೆಂಗಳೂರು ಭಾವ: ಸರಿ, ಮಂಟಪದಲ್ಲಿ ಅಡ್ಡ. ಆಮೇಲೆ ಗುಂಪಿಗೆ ಹಾಕೋವಾಗ? ಆಗ ಎಲ್ಲರೂ ಫೋನಲ್ಲೇ ನೋಡ್ತಾರಲ್ವಾ?

ನಾನು: ಅದೂ ನಿಜ. ಅದಕ್ಕೇ ಅಡ್ಡ ಹಿಡಿದು, ಮಾತಾಡುವವರು ನಟ್ಟನಡುವೆ ನಿಲ್ಲಲಿ ಅನ್ನುತ್ತಿದ್ದೇನೆ. ನಡುಭಾಗವನ್ನಷ್ಟೇ ಕತ್ತರಿಸಿದರೆ ಅದರಿಂದಲೇ ನೆಟ್ಟಗಿನದ್ದು ಸಿಗುತ್ತದೆ, ಫೋನಿಗೆ ಅಷ್ಟು ಸಾಕು. ನೆಟ್ಟಗಿನದ್ದರಿಂದ ಅಡ್ಡದ್ದು ಮಾಡಲು ಬರುವುದಿಲ್ಲ. ಪಕ್ಕದಲ್ಲಿ ಇಲ್ಲದ್ದನ್ನು ಎಲ್ಲಿಂದ ತರಲಿ? ಹಾಂ, ಒಂದೇ ಫ್ರೇಮಲ್ಲಿ ಆರು ಜನ ಸಾಲಾಗಿ ನಿಂತರೆ ಈ ಉಪಾಯ ನಡೆಯುವುದಿಲ್ಲ. ಇಬ್ಬರು ಒತ್ತಾಗಿ ನಿಂತರೆ ಪರವಾಗಿಲ್ಲ.

ದೊಡ್ಡಪ್ಪ: ನಾನು ಅಡ್ಡವೇ ತೆಗೆದಿದ್ದೆ. ಆದರೂ ಮನೆ ಮಲಗಿಕೊಂಡಿದೆ. ನಿನ್ನ ಕಂಪ್ಯೂಟರೇ ಸರಿ ಇಲ್ಲ.

ನಾನು: ದೊಡ್ಡಪ್ಪ, ನೀವು ನೆಟ್ಟಗೆ ಹಿಡಿದು ಶುರು ಮಾಡಿ, ಐದನೇ ಸೆಕೆಂಡಿಗೆ ತಿರುಗಿಸಿದ್ದೀರಿ. ಬಟನ್ ಒತ್ತಿದಾಗ ಹೇಗೆ ಹಿಡಿದಿದ್ದೀರೋ ಫೋನ್ ಅದನ್ನೇ ಕೊನೆವರೆಗೆ ಹಿಡಿದುಕೊಳ್ಳುತ್ತದೆ. ಚಿಂತೆ ಇಲ್ಲ, ಉಳಿದದ್ದನ್ನು ನಾನು ತಿರುಗಿಸಿದರೆ ಪೂರ್ತಿ ಅಡ್ಡ ಚಿತ್ರವೇ ಸಿಗುತ್ತದೆ. ಆದರೆ ಮೊದಲ ಐದು ಸೆಕೆಂಡಿನಲ್ಲಿ ನೀವು "ಅಮ್ಮಾ" ಅಂತ ಕರೆದಿದ್ದೀರಲ್ಲ, ಅದು ಹೋಗುತ್ತದೆ. ಆಮೇಲೆ ವಿಡಿಯೊ 1 ನಿಮಿಷ 50 ಸೆಕೆಂಡ್ ಇದೆ. ಅಡಿಕೆ ರೇಟಿನ ವಿಷಯವೂ ಬಂದಿದೆ.

ದೊಡ್ಡಪ್ಪ: ಅಮ್ಮ ದಿನಾ ಕೇಳೋದೇ ಅದನ್ನ. ಇರಲಿ ಬಿಡು.

ಸಾಗರದ ಅತ್ತೆ: 15 ಸೆಕೆಂಡಲ್ಲಿ ಏನು ಹೇಳೋಕಾಗುತ್ತೆ? ಹೆಸರು ಹೇಳೋದ್ರೊಳಗೆ ಮುಗೀತದೆ.

ನಾನು: ಅತ್ತೆ, 20 ಮನೆ. ಒಬ್ಬೊಬ್ಬರು ಎರಡು ನಿಮಿಷ ಅಂದರೆ 40 ನಿಮಿಷ, ಊಟದ ಪಂಕ್ತಿ ಎದ್ದು ಹೋಗುತ್ತದೆ. 15 ಸೆಕೆಂಡ್ ಆದರೆ ಐದು ನಿಮಿಷ. ಹೆಸರು ಹೇಳುವುದೇ ಬೇಡ, ಕೆಳಗೆ ನಾನು ಬರೆಯುತ್ತೇನೆ. ಅಜ್ಜಿಯ ಬಗ್ಗೆ ಒಂದೇ ಒಂದು ನೆನಪು ಹೇಳಿ. ಬಟನ್ ಒತ್ತಿದ ಮೇಲೆ ಎರಡು ಸೆಕೆಂಡ್ ಸುಮ್ನೆ ಕ್ಯಾಮೆರಾ ನೋಡಿ, ಆಮೇಲೆ ಮಾತಾಡಿ. ಮುಗಿದ ಮೇಲೂ ಎರಡು ಸೆಕೆಂಡ್ ಹಾಗೇ ಇರಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಆ ಜಾಗ ಬೇಕು. ಇಲ್ಲದಿದ್ದರೆ ಮೊದಲ ಅಕ್ಷರವೇ ತುಂಡಾಗುತ್ತದೆ.

ಚಿಕ್ಕಮ್ಮ: ಜಗಲಿಯಲ್ಲಿ ತೆಗೀಲಾ? ಹೊರಗೆ ಮಳೆ ಬಿಡ್ತಾನೇ ಇಲ್ಲ.

ನಾನು: ಜಗಲಿಯೇ ಒಳ್ಳೆಯದು, ಮುಖ ಅಂಗಳದ ಕಡೆ ಇರಲಿ. ಅಂಗಳಕ್ಕೆ ಬೆನ್ನು ಹಾಕಿದರೆ ಮುಖ ಕಪ್ಪಾಗುತ್ತದೆ. ಮಳೆ ಶೀಟಿನ ಮೇಲೆ ಬೀಳುವಾಗ ಮಾತ್ರ ಬೇಡ, ಆ ಸದ್ದು ಆಮೇಲೆ ತೆಗೆಯಲು ಆಗುವುದಿಲ್ಲ. ಹೊಳವಾಗುವವರೆಗೆ ಕಾಯಿರಿ. ತೆಗೆಯುವವರು ಎರಡು ಮಾರು ದೂರಕ್ಕೆ ಹೋಗಬೇಡಿ, ಮೂರ್ನಾಲ್ಕು ಅಡಿ ಸಾಕು.

ಬೆಂಗಳೂರು ಭಾವ: ನಾನು ಕಳಿಸಿದ್ದು ಅಡ್ಡವೇ ಇದೆ, ಬೆಳಕೂ ಇದೆ. ಅದನ್ನೂ ಬೇಡ ಅಂದೆಯಲ್ಲ?

ನಾನು: ನಿಮ್ಮದು ಸ್ಟೇಟಸ್‌ನಿಂದ ಇಳಿಸಿಕೊಂಡು ಕಳಿಸಿದ್ದು ಭಾವ. ವಾಟ್ಸಾಪ್ ವಿಡಿಯೊವನ್ನು ಪ್ರತಿ ಸಲ ಕುಗ್ಗಿಸುತ್ತದೆ. ಫೋನಲ್ಲಿ ಗೊತ್ತಾಗುವುದಿಲ್ಲ, ದೊಡ್ಡ ಪರದೆಯಲ್ಲಿ ಮುಖ ಚೌಕಚೌಕವಾಗಿ ಒಡೆಯುತ್ತದೆ. ಮೂಲದ್ದನ್ನೇ Document ಅಂತ ಕಳಿಸಿ. ಪಿನ್ನಿನ ಗುರುತು ಒತ್ತಿದರೆ ಗ್ಯಾಲರಿ ಜೊತೆಗೇ ಅದೂ ಕಾಣುತ್ತದೆ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ.

ದೊಡ್ಡಪ್ಪ: ಇಲ್ಲಿ ಒಂದು ಗೆರೆ ನೆಟ್‌ವರ್ಕ್ ಬರೋದೇ ಕಷ್ಟ. ಅಷ್ಟು ದೊಡ್ಡದು ಹೋಗುತ್ತಾ?

ನಾನು: 15 ಸೆಕೆಂಡಿನದ್ದು ಸಾಮಾನ್ಯವಾಗಿ 40 ಎಂಬಿ ಒಳಗೇ ಇರುತ್ತದೆ. ಕ್ಯಾಮೆರಾ 1080ರಲ್ಲಿ ಇರಲಿ, 4ಕೆ ಇಟ್ಟರೆ ಸುಮ್ನೆ ಜಾಸ್ತಿಯಾಗುತ್ತದೆ. ಪೇಟೆಗೆ ಬಂದಾಗ ಕಳಿಸಿದರೂ ಸೈ. ಗುಂಪಿಗೆ ಬೇಡ, ನನಗೇ ಹಾಕಿ.

ಸಾಗರದ ಅತ್ತೆ: ಅಣ್ಣಾ, ನೀನು ಇನ್ನೊಂದು ಸಲ ತೆಗಿ. "ಅಮ್ಮಾ" ಅನ್ನೋದು ಬೇಕೇ ಬೇಕು.

ದೊಡ್ಡಪ್ಪ: ತೆಗೀತೀನಿ. ಅಡಿಕೆ ರೇಟು?

ನಾನು: ಒಂದು ವಾಕ್ಯ, ದೊಡ್ಡಪ್ಪ.