ಮನೆಯವರೆಲ್ಲರ ಪಾಲಿಸಿ ಒಂದೇ ಶೀಟಿನಲ್ಲಿ: ಕಂತು ತಪ್ಪದಂತೆ ಹೇಗೆ ಇಡ್ತೀರಿ?

ಪ್ರಶ್ನೆ: ಮನೇಲಿ ಒಟ್ಟು 9 ಎಲ್‌ಐಸಿ ಪಾಲಿಸಿ ಇವೆ. ಕೆಲವು ವರ್ಷಕ್ಕೊಂದ್ಸಲ, ಕೆಲವು ಆರು ತಿಂಗಳಿಗೆ. ಯಾವ ತಿಂಗಳಿಗೆ ಎಷ್ಟು ದುಡ್ಡು ಎತ್ತಿಡಬೇಕು, ಮುಗಿದಾಗ ಎಷ್ಟು ಬರುತ್ತೆ, ಎರಡೂ ಒಂದೇ ಕಡೆ ಕಾಣಬೇಕು. ಮಾಡ್ಕೊಂಡಿರೋರು ಹೇಳಿ.

ಲೆಕ್ಕದ ಭಟ್ಟರು: ಮೊದಲನೇ ಮಾತು, ಮುಂದಿನ ಕಂತಿನ ತಾರೀಖನ್ನು `TODAY()` ಇಂದ ಹುಟ್ಟಿಸಬೇಡಿ. ಕಂತಿನ ದಿನ ದಾಟಿದ ಮರುದಿನವೇ ಅದು ಸದ್ದಿಲ್ಲದೆ ಮುಂದಿನ ಕಂತಿಗೆ ಜಿಗಿಯುತ್ತೆ, ಕಟ್ಟದೆ ಉಳಿದದ್ದು ಕಣ್ಣಿಗೇ ಬೀಳಲ್ಲ. ಎಷ್ಟು ಕಂತು ಕಟ್ಟಾಗಿದೆ ಅನ್ನೋ ಅಂಕಣ ಇಟ್ಟು ಅದರಿಂದ ತೆಗೀರಿ. B ಪಾಲಿಸಿ ಶುರುವಾದ ದಿನ, C ಎಷ್ಟು ತಿಂಗಳಿಗೊಂದು ಕಂತು, D ಎಷ್ಟು ವರ್ಷ ಕಟ್ಟಬೇಕು, E ಕಟ್ಟಿದ ಕಂತುಗಳು:

```
=IF(C2*E2>=D2*12,"ಮುಗಿದಿದೆ",EDATE(B2,C2*E2))
```

28-05-2016ಕ್ಕೆ ಶುರುವಾದ 21 ವರ್ಷದ ಪಾಲಿಸಿ, 15 ವರ್ಷ ಮಾತ್ರ ಕಟ್ಟೋದು, ಅರ್ಧ ವರ್ಷದ ಕಂತು ಅಂದ್ಕೊಳ್ಳಿ. 19 ಕಂತು ಕಟ್ಟಿದ್ದರೆ 28-11-2025 ತೋರಿಸುತ್ತೆ. ರಸೀದಿ ಕೈಗೆ ಬಂದ ಮೇಲೇ 19 ಅನ್ನು 20 ಮಾಡಿ. ಅಲ್ಲೀತನಕ ಆ ತಾರೀಖು ಕದಲಬಾರದು. ಒಟ್ಟು 30 ಕಂತು, ಕೊನೇದು 28-11-2030ಕ್ಕೆ. ಹಣ ಕೈಗೆ ಬರೋದು 28-05-2037ಕ್ಕೆ. 21 ವರ್ಷವನ್ನೇ D ಅಂಕಣಕ್ಕೆ ಹಾಕಿದರೆ ಇಲ್ಲದ 12 ಕಂತು ಹುಟ್ಟಿಕೊಳ್ಳುತ್ತೆ.

ಹಾಸನದ ಹುಡುಗ: ಇಷ್ಟೆಲ್ಲಾ ಯಾಕೆ ಸರ್? ನಾನು ಹಿಂದಿನ ಕಂತಿನ ತಾರೀಖಿಗೆ 6 ತಿಂಗಳು ಸೇರಿಸ್ತಾ ಹೋಗ್ತೀನಿ, ಸರಿಯಾಗೇ ಇದೆ. ಕೊನೇಗೆ ಬರೋ ಮೊತ್ತಕ್ಕೂ 5 ಲಕ್ಷಕ್ಕೆ ಬೋನಸ್ ಸಾವಿರಕ್ಕೆ 45 ಅಂದ್ರೆ ಶೇ. 4.5, 21 ವರ್ಷಕ್ಕೆ ಸುಮಾರು 12.6 ಲಕ್ಷ.

ಲೆಕ್ಕದ ಭಟ್ಟರು: ಎರಡೂ ತಪ್ಪು. 31-08ಕ್ಕೆ 6 ತಿಂಗಳು ಸೇರಿಸಿದರೆ 28-02, ಅದಕ್ಕೆ ಮತ್ತೆ 6 ಸೇರಿಸಿದರೆ 28-08. ಮೂರು ದಿನ ಹೋಯ್ತು, ಆಮೇಲೆ ವಾಪಸ್ ಬರಲ್ಲ. ಯಾವಾಗಲೂ ಶುರುವಾದ ದಿನದಿಂದಲೇ ಎಣಿಸಿ. ಬೋನಸ್ಸಂತೂ ಚಕ್ರಬಡ್ಡಿ ಅಲ್ಲಪ್ಪಾ! ಪ್ರತಿ ವರ್ಷ ಮೂಲ ವಿಮಾ ಮೊತ್ತದ ಮೇಲೆ ಮಾತ್ರ. 22,500 × 21 = 4,72,500. ಒಟ್ಟು 9,72,500, ಅದೂ ದರ ಹಾಗೇ ಉಳಿದರೆ. ಅಂತಿಮ ಹೆಚ್ಚುವರಿ ಬೋನಸ್ ಘೋಷಣೆಯಾದ ಮೇಲಿನ ಮಾತು, ಈಗಲೇ ಸೇರಿಸಬೇಡಿ.

ಹಾಸನದ ಹುಡುಗ: ಬೋನಸ್ ಒಪ್ಪಿದೆ. ನನ್ನ ಪಾಲಿಸಿ ಶುರುವಾಗಿದ್ದು 12ನೇ ತಾರೀಖು, ಅದಕ್ಕೆ 31ರ ತಕರಾರು ಬರಲ್ಲ. "ಎರಡೂ ತಪ್ಪು" ಅನ್ನೋಕೆ ಮುಂಚೆ ಕೇಳಬಹುದಿತ್ತು.

ಶಾರದಕ್ಕ: ತಿಂಗಳವಾರು ಕೇಳಿದ್ದಕ್ಕೆ ಯಾರೂ ಹೇಳ್ಲಿಲ್ಲ. ಮೇಲಿನ ಸಾಲಿನಲ್ಲಿ H1 ಇಂದ ಪ್ರತಿ ತಿಂಗಳ 1ನೇ ತಾರೀಖು ಹಾಕಿ. ಕಂತಿನ ಮೊತ್ತ F ಅಂಕಣದಲ್ಲಿ.

```
=LET(m,(YEAR(H$1)-YEAR($B2))*12+MONTH(H$1)-MONTH($B2),
IF(AND(m>=0,m<$D2*12,MOD(m,$C2)=0),$F2,0))
```

ಬಲಕ್ಕೆ, ಕೆಳಕ್ಕೆ ಎಳೆದು ಅಡಿಯಲ್ಲಿ ಮೊತ್ತ ಹಾಕಿದರೆ ಯಾವ ತಿಂಗಳು ಭಾರ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. F ಅಂಕಣವನ್ನ ಹಳೇ ರಸೀದಿಯಿಂದ ತುಂಬಬೇಡಿ. 22-09-2025ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಶೇ. 2.25 ಸೇರಿ 13,906 ಇದ್ದ ಕಂತು ನವೆಂಬರಿಗೆ 13,600.

ಹಳೇ ಗುಮಾಸ್ತ: ನನ್ನ 2016ರ ಎಕ್ಸೆಲ್‌ನಲ್ಲಿ ಇದು ಬರೀ `#NAME?` ಅನ್ನುತ್ತೆ. ಗೋಡೆ ಕ್ಯಾಲೆಂಡರಿಗೆ ಕೆಂಪು ಪೆನ್ ಸಾಕು ಅಂತ ಇದಕ್ಕೇ ಹೇಳೋದು.

ಶಾರದಕ್ಕ: ಆ ಎಕ್ಸೆಲ್‌ಗೆ `LET` ಗೊತ್ತಿಲ್ಲ, ಗೂಗಲ್ ಶೀಟ್ಸಿನಲ್ಲಿ ನಡೆಯುತ್ತೆ. ಇಲ್ಲಾ, m ಇರೋ ಕಡೆಯೆಲ್ಲಾ ಆ ಲೆಕ್ಕವನ್ನೇ ಪೂರ್ತಿ ಬರೀರಿ. ಡಿಸೆಂಬರ್ ಬಂದ್ರೆ ನಿಮ್ಮ ಕ್ಯಾಲೆಂಡರ್ ರದ್ದಿಗೆ ಹೋಗುತ್ತೆ, ಕೆಂಪು ಗುರುತೂ ಅದರ ಜೊತೆಗೇ.

ಹಳೇ ಗುಮಾಸ್ತ: ರದ್ದಿಗೆ ಹಾಕೋಕೆ ಮುಂಚೆ ಹೊಸದಕ್ಕೆ ಇಳಿಸ್ಕೊಳ್ತೀವಿ ತಾಯಿ. ಅಷ್ಟು ಬುದ್ಧಿ ಇದೆ.

ಗಾಡಿ ನಂಜುಂಡ: ನನ್ನ ಕಾರಿನದ್ದೂ ಇದೇ ಶೀಟಿಗೆ ಹಾಕಿದ್ದೆ, ಒಂದು ತಿಂಗಳು ಸಮಯ ಇದೆ ಅಂತ ಕೂತೆ. ಗಾಡಿ ವಿಮೆಗೆ ಒಂದು ದಿನದ ರಿಯಾಯಿತೀನೂ ಇಲ್ಲ ಸ್ವಾಮಿ. 90 ದಿನ ದಾಟಿದ್ರೆ ನೋ ಕ್ಲೇಮ್ ಬೋನಸ್ಸೂ ಹೋಯ್ತು.

ಲೆಕ್ಕದ ಭಟ್ಟರು: ಕೇಳಿದ್ದು ಎಲ್‌ಐಸಿ, ನಂಜುಂಡಣ್ಣ. ಅದರಲ್ಲಿ ವರ್ಷ, ಅರ್ಧ ವರ್ಷ, ಮೂರು ತಿಂಗಳ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ. ನೆನಪೋಲೆ ಮಾತ್ರ ಕಂತಿನ ದಿನಕ್ಕೆ 15 ದಿನ ಮುಂಚೆ ಒಂದು, 3 ದಿನ ಮುಂಚೆ ಇನ್ನೊಂದು ಇಡಿ. ರಿಯಾಯಿತಿಯ ಕೊನೇ ದಿನಕ್ಕೆ ಇಟ್ಟವರು ಬ್ಯಾಂಕಿನ ಸರ್ವರ್ ಮಲಗಿದಾಗ ಒದ್ದಾಡ್ತಾರೆ.

ಪ್ರಶ್ನೆ ಕೇಳಿದವರು: ಹಾಕಿದೆ. ಆದ್ರೆ ಎರಡು ಪಾಲಿಸಿಗೆ `#VALUE!` ಬರ್ತಿದೆ, ಇನ್ನೊಂದಕ್ಕೆ 5ನೇ ನವೆಂಬರ್ ಹೋಗಿ 11ನೇ ಮೇ ಆಗಿದೆ.

ಶಾರದಕ್ಕ: ಶೀಟಿನ ಲೊಕೇಲ್ ಅಮೆರಿಕದ್ದು. `File > Settings > Locale` ಅನ್ನು `India` ಮಾಡಿ, ಆಮೇಲೆ B ಅಂಕಣದ ತಾರೀಖುಗಳನ್ನ ಹೊಸದಾಗಿ ಟೈಪ್ ಮಾಡಿ. ತಾರೀಖು ಕೋಶದ ಎಡಕ್ಕೆ ಅಂಟಿದ್ರೆ ಅದಿನ್ನೂ ಬರೀ ಅಕ್ಷರ. 12ರ ಒಳಗಿನ ತಾರೀಖುಗಳೇ ಮೋಸ ಮಾಡೋದು, ತಪ್ಪಿದ್ರೂ ಬಲಕ್ಕೇ ಕೂತಿರ್ತವೆ. ಅವನ್ನ ಬಾಂಡ್ ಹಿಡ್ಕೊಂಡೇ ನೋಡಿ.

ಹಾಸನದ ಹುಡುಗ: ಮನಿಬ್ಯಾಕ್ ಪಾಲಿಸಿಯಲ್ಲಿ ನಡುವೆ ಬರೋ ದುಡ್ಡನ್ನ ಆ ತಿಂಗಳ ಕಂತಿನಲ್ಲಿ ಕಳೀಬೇಕಾ?

ಲೆಕ್ಕದ ಭಟ್ಟರು: ಬೇಡ, ಬೇರೆ ಸಾಲು.

ಹಳೇ ಗುಮಾಸ್ತ: ನಾನು ಕಳೀತೀನಿ. ಜೇಬಿನಿಂದ ಹೋಗೋದು ಎಷ್ಟು ಅಂತ ತಾನೇ ನೋಡೋದು?