ಫೋಟೊ ಹೊಡೆದ ಸಂದರ್ಶನದ ಪುಟಗಳಿಂದ ಥೀಮ್ ತೆಗೆಯೋದು ಹೇಗೆ?

ರೇಖಾ, ಹಾವೇರಿ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ 11 ಹೆಂಗಸರನ್ನು ಮಾತಾಡಿಸಿದ್ದೇನೆ. ಬರೆದುಕೊಂಡ ಪುಟಗಳೆಲ್ಲ ಮೊಬೈಲಿನಲ್ಲಿ ಫೋಟೊ ಆಗಿ ಇವೆ, ರೆಕಾರ್ಡಿಂಗ್ ಇಲ್ಲ. ಆರೋಗ್ಯ, ಕೂಲಿ, ಮನೆ ಅಂತ ಮೂರು ಥೀಮ್ ಮಾಡಿ ಪ್ರತಿಯೊಂದಕ್ಕೂ ಅವರ ಮಾತು ಹಾಕಿ ಕೊಟ್ಟೆ. ಗೈಡ್ "ಇವು ಥೀಮ್ ಅಲ್ಲ" ಅಂತ ವಾಪಸ್ ಕಳಿಸಿದರು. ಮುಂದೆ ಏನು ಮಾಡಲಿ?

ಮಂಜುನಾಥ, ಹುಬ್ಬಳ್ಳಿ: ಯಾವ ಶಬ್ದ ಎಷ್ಟು ಸಲ ಬಂದಿದೆ ಎಣಿಸಿ ಮೇಡಂ, ಜಾಸ್ತಿ ಬಂದದ್ದೇ ಥೀಮ್. ಇನ್ನೊಬ್ಬರ ಕೈಲೂ ಕೋಡ್ ಮಾಡಿಸಿ, ಅಂದರೆ ಮಾತಿನ ತುಂಡುಗಳಿಗೆ ಚಿಕ್ಕ ಹೆಸರು ಕೊಡಿಸಿ. ಇಬ್ಬರದೂ ತಾಳೆ ಆಗದಿದ್ದರೆ ಯಾರೂ ಒಪ್ಪಲ್ಲ.

ಸುಮಂಗಲಾ, ಧಾರವಾಡ: ರೇಖಾ, ಥೀಮಿಗೆ ಹೋಗೋ ಮುಂಚೆ ಫೋಟೊ ನೋಡಿಕೊಂಡು ಪ್ರತಿ ಪುಟವನ್ನೂ ಟೈಪ್ ಮಾಡಿ. ಫೋಟೊ ಮೇಲೇ ಗೆರೆ ಎಳೆದು ಕೋಡ್ ಮಾಡಿದರೆ ಆಮೇಲೆ ಒಂದು ಮಾತು ಹುಡುಕಲು ಅರ್ಧ ದಿನ ಬೇಕು. ಫೈಲಿಗೆ `H04_P2.jpg` ಥರ ಹೆಸರಿಡಿ, ಅಂದರೆ ನಾಲ್ಕನೆಯವರು, ಎರಡನೇ ಪುಟ. ಟೈಪ್ ಮಾಡಿದ್ದಕ್ಕೆ ಸಾಲಿನ ನಂಬರ್ ಹಾಕಿ. ಅವರು ಆಡಿದ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕೈಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಕಿಲೋ ಲೆಕ್ಕ ಬಂದಲ್ಲಿ ಎರಡು ಸಲ ನೋಡಿ. ಓದಲು ಬಾರದ ಕಡೆ [ಅಸ್ಪಷ್ಟ] ಅಂತ ಬರೆಯಿರಿ, ಊಹೆಯಿಂದ ತುಂಬಬೇಡಿ. ಅಂಚಿನಲ್ಲಿ ನೀವು "ಬೇಸರದಲ್ಲಿದ್ದರು" ಅಂತ ಗೀಚಿದ್ದರೆ ಅದು ನಿಮ್ಮ ಮಾತು, ಅದನ್ನು ಬೇರೆ ಇಡಿ. ಪುಟದ ಮೇಲೆ ಹೆಸರಿದ್ದರೆ ಆ ಫೋಟೊ ಯಾರಿಗೂ ವಾಟ್ಸಾಪ್ ಮಾಡಬೇಡಿ.

ಈಗ ಕೋಡಿಂಗ್. ಕೈ ಉರಿಯ ಬಗ್ಗೆ ಕೇಳಿದಾಗ ಒಬ್ಬರು ಹೀಗೆ ಹೇಳಿದ್ದಾರೆ ಅಂದುಕೊಳ್ಳಿ:

"ಉರಿ ಇದ್ದದ್ದರೀ, ಎಣ್ಣಿ ಹಚ್ಗೋತೀನಿ. ದವಾಖಾನಿಗೆ ಹೋದ್ರ ಅವತ್ತಿನ ಪಗಾರ ಹೋತು. ಗ್ಲೌಸ್ ಹಾಕ್ಕೊಂಡ್ರ ಕೈ ಓಡಂಗಿಲ್ಲ. ಮನಿಗೆ ಹೋಗಿ ಮೊಮ್ಮಗಳ್ನ ಎತ್ಗೋಳಾಕ ಅಂಜಿಕಿ ಬರ್ತೈತಿ."

ಇದನ್ನು ಒಟ್ಟಿಗೆ "ಆರೋಗ್ಯ" ಅಂತ ಹಾಕಿದರೆ ಅವರು ಹೇಳಿದ್ದೆಲ್ಲ ಮುಚ್ಚಿಹೋಗುತ್ತದೆ. ಒಂದೊಂದು ತುಂಡಿಗೂ ಅದು ಏನು ಹೇಳುತ್ತದೋ ಅದನ್ನೇ ಕೋಡ್ ಮಾಡಿ: "ಎಣ್ಣೆಯಲ್ಲೇ ಸುಧಾರಿಸಿಕೊಳ್ಳುವುದು", "ದವಾಖಾನೆಗೆ ಹೋದರೆ ಪಗಾರ ಇಲ್ಲ", "ಗ್ಲೌಸ್ ಹಾಕಿದರೆ ಕೆಲಸ ನಿಧಾನ", "ಮಗು ಮುಟ್ಟಲು ಅಂಜಿಕೆ". ಎಲ್ಲರದೂ ಹೀಗೆ ಮಾಡಿದ ಮೇಲೆ ಹತ್ತಿರದ ಕೋಡ್‌ಗಳನ್ನು ಒಟ್ಟು ಇಟ್ಟು, ಇವೆಲ್ಲ ಸೇರಿ ಏನು ಹೇಳುತ್ತವೆ ಅಂತ ಕೇಳಿಕೊಳ್ಳಿ. ಮೊದಲ ಮೂರು ಸೇರಿ "ಉರಿಯಿಂದ ಕೈ ಉಳಿಸಿಕೊಳ್ಳುವುದೋ ಬೇಡವೋ ಅನ್ನೋದನ್ನು ಕೂಲಿಯೇ ತೀರ್ಮಾನಿಸುತ್ತದೆ" ಅನ್ನುತ್ತವೆ. ಇದು ಥೀಮ್, ಯಾಕೆಂದರೆ ಇದನ್ನು ಯಾರಾದರೂ ಅಲ್ಲ ಅನ್ನಬಹುದು. "ಆರೋಗ್ಯ" ಅಂದರೆ ಅಲ್ಲ ಅನ್ನೋಕೆ ಏನೂ ಇಲ್ಲ. ನಾಲ್ಕನೇ ಕೋಡ್ ಇಲ್ಲಿ ಕೂರಲ್ಲ. ಅದನ್ನು ತುರುಕದೆ ಬೇರೆ ಇಡಿ. ಇನ್ನಿಬ್ಬರು ಮೂವರು ಅಂಥದ್ದೇ ಹೇಳಿದ್ದರೆ, ಉರಿ ಮನೆಯೊಳಗೂ ಬರುವ ಬಗ್ಗೆ ಇನ್ನೊಂದು ಥೀಮ್ ಹುಟ್ಟಬಹುದು.

ಪ್ರತಿ ಥೀಮಿಗೆ ಬೇರೆ ಬೇರೆ ಹೆಂಗಸರ ಎರಡು ಮೂರು ಮಾತು ಹಾಕಿ, ಪಕ್ಕದಲ್ಲಿ H04, ಪುಟ 2, ಸಾಲು 6–9 ಅಂತ ಗುರುತು ಇರಲಿ. ಚೆನ್ನಾಗಿ ಮಾತಾಡುವ ಒಬ್ಬರೇ ಎಲ್ಲಾ ಕಡೆ ಬರುತ್ತಿದ್ದರೆ ಆ ಥೀಮ್ ಹನ್ನೊಂದು ಜನರದ್ದಲ್ಲ, ಅವರೊಬ್ಬರದ್ದು. ನಡುವೆ ಕತ್ತರಿಸಿದ ಕಡೆ ಚುಕ್ಕಿ ಹಾಕಿ, ಆದರೆ ನಿಮ್ಮ ಪ್ರಶ್ನೆಯನ್ನು ಕತ್ತರಿಸಬೇಡಿ. "ಕಷ್ಟ ಅಲ್ವಾ?" ಅಂತ ನೀವೇ ಕೇಳಿ ಅವರು "ಹೌದ್ರೀ" ಅಂದಿದ್ದರೆ ಅದು ಪುರಾವೆ ಅಲ್ಲ.

ಮಂಜುನಾಥ ಅವರೇ, ಎಣಿಕೆಯಿಂದ ಯಾವ ಪುಟ ಮತ್ತೆ ಓದಬೇಕು ಅನ್ನೋದು ಗೊತ್ತಾಗುತ್ತದೆ, ಅಷ್ಟೇ. "ಉರಿ" ಅನ್ನದೇ ಬರೀ ಕೈ ತೋರಿಸಿದವರೂ ಇರುತ್ತಾರೆ. ತಾಳೆ ನೋಡೋದು ಕೆಲವು ವಿಧಾನಗಳಲ್ಲಿ ಬೇಕು, ಎಲ್ಲದರಲ್ಲೂ ಅಲ್ಲ.

ಮಂಜುನಾಥ: ಒಬ್ಬರೇ ಮಾಡಿದರೆ ಬೇಕಾದ್ದನ್ನು ಹೆಕ್ಕಿಕೊಂಡಿದ್ದಾರೆ ಅಂತ ಕೇಳೋರು ಇದ್ದೇ ಇರ್ತಾರೆ ಮೇಡಂ.

ಸುಮಂಗಲಾ: ಅದು ಸರಿ. ಅದಕ್ಕೇ ಥೀಮಿಗೆ ಒಗ್ಗದ ಮಾತನ್ನೂ ಹುಡುಕಿ ಹಾಕಬೇಕು. ಇನ್ನೊಬ್ಬರು ಎರಡು ಸಂದರ್ಶನ ಓದಿ ಜಗಳ ಆಡಿದರೂ ಒಳ್ಳೆಯದೇ.

ಬಸವರಾಜ, ಗದಗ: ನಮ್ಮ ಶಾಲೆಯ ಪಾಲಕರಿಗೆ ಹೌದು/ಇಲ್ಲ ಟಿಕ್ ಮಾಡುವ ಫಾರ್ಮ್ ಕೊಟ್ಟಿದ್ದೆವು. ಅದಕ್ಕೂ ಹೀಗೇ ಥೀಮ್ ಮಾಡಬೇಕೇ?

ಸುಮಂಗಲಾ: ಟಿಕ್‌ಗಳನ್ನು ಎಣಿಸಿ ಸಾಕು ಸರ್. ಕೆಳಗೆ ಏನಾದರೂ ಬರೆದಿದ್ದರೆ ಅದಕ್ಕೆ ಮಾತ್ರ ಈ ಕೆಲಸ.

ರೇಖಾ: ಅಕ್ಕಾ, ಒಬ್ಬರು "ನಮಗೇನೂ ತ್ರಾಸಿಲ್ರೀ" ಅಂದಿದ್ದಾರೆ. ಆಗ ಕೆಲಸ ಮಾಡಿಸುವ ಮುಕಾದಮ ಪಕ್ಕದಲ್ಲೇ ನಿಂತಿದ್ದ. ಇದು ಒಗ್ಗದ ಮಾತೋ, ಹೆದರಿ ಆಡಿದ ಮಾತೋ?

ಸುಮಂಗಲಾ: ಆ ಪುಟ ಒಂದರಿಂದ ಹೇಳಕ್ಕಾಗಲ್ಲ. ಬಿಡಬೇಡಿ, ಅವನು ನಿಂತಿದ್ದ ಅಂತ ಜೊತೆಗೇ ಬರೆಯಿರಿ. ಆದರೆ ಇನ್ನೊಂದು ಸಲ ಒಬ್ಬರೇ ಇದ್ದಾಗ ಮಾತಾಡಿಸಲು ಆಗುತ್ತಾ ನೋಡಿ.

ಮಂಜುನಾಥ: ನಾನಾಗಿದ್ದರೆ ಆ ಸಂದರ್ಶನ ಪೂರ್ತಿ ಕೈಬಿಡ್ತಿದ್ದೆ.